ಪಟ್ಟಿಯಲ್ಲಿ ತಪ್ಪಿದ 216 ರೂಪಾಯಿ: ದೋಷ ಹೊಕ್ಕ ಕಮಿಟ್ ಹುಡುಕುವ ಬಗೆ

(ಶಿರಸಿಯಲ್ಲಿ, ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಸುತ್ತಲಿನ ಸಣ್ಣ ಕಚೇರಿಗಳಿಗೆ ಸಾಫ್ಟ್‌ವೇರ್ ಬರೆದುಕೊಡುವ ಗೆಳೆಯರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ.)

ಎಲ್ಲರಿಗೂ ನಮಸ್ಕಾರ. ಇಂದು ನಾನು ಒಂದೇ ಒಂದು ಘಟನೆಯನ್ನು ಹಿಡಿದುಕೊಂಡು ಮಾತನಾಡುತ್ತೇನೆ. ನಾವು ಬರೆದುಕೊಟ್ಟಿರುವ ಅಡಿಕೆ ವಹಿವಾಟಿನ ತಂತ್ರಾಂಶದಲ್ಲಿ, ಸರಿಯಾಗಿ ಬರುತ್ತಿದ್ದ ಲೆಕ್ಕವೊಂದು ಯಾವಾಗಲೋ ಕೆಟ್ಟಿತು. ಅದು ಯಾವ ಕಮಿಟ್‌ನಲ್ಲಿ ಕೆಟ್ಟಿತು ಎಂಬುದನ್ನು `git bisect` ಬಳಸಿ ಹುಡುಕಿದೆವು. ಮೊದಲ ಸಲ ತಪ್ಪು ಕಮಿಟ್ ಸಿಕ್ಕಿತು, ಎರಡನೆಯ ಸಲ ಸರಿಯಾದದ್ದು ಸಿಕ್ಕಿತು. ಈ ಎರಡು ಹುಡುಕಾಟಗಳ ನಡುವೆ ಬದಲಾದದ್ದು ನಾಲ್ಕೈದು ಸಾಲಿನ ಒಂದು ಸ್ಕ್ರಿಪ್ಟ್ ಮಾತ್ರ. ಆ ಬದಲಾವಣೆ ಏನೆಂಬುದನ್ನು ವಿವರಿಸುವುದಕ್ಕಾಗಿಯೇ ನಾನು ಇಲ್ಲಿಗೆ ಬಂದಿದ್ದೇನೆ.

ಘಟನೆ ಹೀಗಿದೆ. ಹುಲೇಕಲ್ ಕಡೆಯ ಹಿರಿಯ ಕೃಷಿಕರೊಬ್ಬರು ವಖಾರಿಯಲ್ಲಿ ರಾಶಿ ಅಡಿಕೆಯ ಒಂದು ಲಾಟ್ ಮಾರಿದ್ದರು. ಅವರು ತಮ್ಮ ಕೈಗೆ ಬಂದ ಪಟ್ಟಿಯ ಬೆನ್ನಿಗೆ ಪೆನ್ಸಿಲ್‌ನಲ್ಲಿ ಗುಣಾಕಾರ ಮಾಡಿಕೊಂಡು ನಮ್ಮಲ್ಲಿಗೆ ಬಂದು, "ತಮಾ, ಲೆಕ್ಕ ತಪ್ಪಿದ್ದು, ನೋಡು" ಎಂದರು. ನಿವ್ವಳ ತೂಕ 187 ಕಿಲೋ 450 ಗ್ರಾಂ, ದರ ಕ್ವಿಂಟಲ್‌ಗೆ 47,899 ರೂಪಾಯಿ. ಅವರ ಗುಣಾಕಾರದಂತೆ ಬರಬೇಕಾದದ್ದು 89,787 ರೂಪಾಯಿ, ಪಟ್ಟಿಯಲ್ಲಿ ಅಚ್ಚಾಗಿದ್ದದ್ದು 89,571. ದಲಾಲಿ, ಹಮಾಲಿ ಮುಂತಾದ ಕಡಿತಗಳೆಲ್ಲ ಈ ಮೊತ್ತದ ಕೆಳಗೆ ಬರುವುದರಿಂದ ಅವುಗಳ ಮೇಲೆ ಹೊರೆ ಹೊರಿಸುವಂತಿರಲಿಲ್ಲ. ನಾನು ಕ್ಯಾಲ್ಕುಲೇಟರ್ ತೆಗೆದು ಮಾಡಿದಾಗಲೂ ಅವರ ಲೆಕ್ಕವೇ ಸರಿಯಾಗಿತ್ತು. 216 ರೂಪಾಯಿ ಕಡಿಮೆ ಬಿದ್ದಿತ್ತು.

ಅದುವರೆಗೆ ಯಾರೂ ಏಕೆ ಗಮನಿಸಲಿಲ್ಲ ಎಂಬ ಪ್ರಶ್ನೆ ಸಹಜವಾದದ್ದು. ಖರೀದಿದಾರರ ಬಿಲ್ಲು ಮತ್ತು ಬೆಳೆಗಾರರ ಪಟ್ಟಿ ಎರಡೂ ಒಂದೇ ಫಂಕ್ಷನ್‌ನಿಂದ ಮೊತ್ತವನ್ನು ಪಡೆಯುತ್ತಿದ್ದುದರಿಂದ, ದಿನದ ಕೊನೆಯಲ್ಲಿ ವಖಾರಿಯ ಜಮೆ ಖರ್ಚು ಪೈಸೆಗೆ ಪೈಸೆ ತಾಳೆಯಾಗುತ್ತಿತ್ತು. ಅಲ್ಲದೆ ಕೆಲವರಿಗೆ ಕಡಿಮೆ ಬಿದ್ದಂತೆ ಇನ್ನು ಕೆಲವರಿಗೆ ಹೆಚ್ಚೂ ಬಿದ್ದಿತ್ತು. ಹೆಚ್ಚು ಬಿದ್ದವರು ಪಟ್ಟಿಯ ಬೆನ್ನಿಗೆ ಗುಣಾಕಾರ ಮಾಡಿ ನೋಡಿರಲಿಲ್ಲ.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಇತ್ತೀಚೆಗೆ ದಲಾಲಿಯ ಲೆಕ್ಕ ಬದಲಿಸಿದ ಕಮಿಟ್ ಒಂದು ನೆನಪಿನಲ್ಲಿತ್ತು, ಅದರ ಮೇಲೆಯೇ ಅನುಮಾನ ಬಂತು. ಒಂದೂವರೆ ದಿನ ಆ ಕೋಡನ್ನು ಸಾಲು ಸಾಲಾಗಿ ಓದಿದೆವು. ಅದರಲ್ಲಿ ತಪ್ಪೇನೂ ಇರಲಿಲ್ಲ. ಹಿಂದೆ ಸರಿಯಿದ್ದು ಈಗ ಕೆಟ್ಟಿರುವ ದೋಷವನ್ನು ಹುಡುಕುವಾಗ, ಕೋಡ್ ಏನು ಮಾಡುತ್ತಿದೆ ಎಂದು ಓದುವುದಕ್ಕೆ ಮೊದಲು ಅದು ಯಾವಾಗ ಬದಲಾಯಿತು ಎಂದು ಕೇಳುವುದು ಸುಲಭ. ಏಕೆಂದರೆ ಓದುವಾಗ ನಾವು ಅನುಮಾನವಿದ್ದ ಕಡೆಯೇ ಓದುತ್ತೇವೆ. ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹೋಗುವ ವಿಧಾನಕ್ಕೆ ಅನುಮಾನದ ಹಂಗಿಲ್ಲ.

ಅರ್ಧರ್ಧ ಮಾಡುವುದೆಂದರೇನು ಎಂಬುದನ್ನು ಮಲೆನಾಡಿನವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕಾಡಿನ ನಡುವೆ ಹಾದುಹೋಗುವ ವಿದ್ಯುತ್ ಲೈನಿನ ಮೇಲೆ ಎಲ್ಲೋ ಒಂದು ಕಡೆ ಮರ ಬಿದ್ದರೆ, ಲೈನ್‌ಮನ್ ಪ್ರತಿ ಕಂಬದ ಬುಡಕ್ಕೂ ನಡೆದು ನೋಡುತ್ತ ಹೋಗುವುದಿಲ್ಲ. ನಡುವಿನ ಸ್ವಿಚ್ ತೆರೆದು, ಮುಂದಿನ ಭಾಗವನ್ನು ಬೇರ್ಪಡಿಸಿ, ಹಿಂದಿನ ಅರ್ಧಕ್ಕೆ ಮಾತ್ರ ವಿದ್ಯುತ್ ಹರಿಸಿ ನೋಡುತ್ತಾರೆ. ಲೈನ್ ಟ್ರಿಪ್ ಆಗದೆ ಉಳಿದರೆ ಆ ಅರ್ಧ ಸರಿಯಿದೆ, ದೋಷ ಆಚೆಗಿದೆ. ಟ್ರಿಪ್ ಆದರೆ ದೋಷ ಈಚೆಗಿದೆ. ಒಂದೇ ಪರೀಕ್ಷೆಯಲ್ಲಿ ಅರ್ಧ ಕಾಡು ತಿರುಗುವುದು ತಪ್ಪುತ್ತದೆ. `git bisect` ಮಾಡುವುದೂ ಇದನ್ನೇ. ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ತೊಡಗಿದ್ದು 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನೆಲ್‌ನಂಥ, ಒಂದು ಬಿಡುಗಡೆಗೂ ಇನ್ನೊಂದಕ್ಕೂ ನಡುವೆ ಸಾವಿರಾರು ಕಮಿಟ್‌ಗಳು ಬರುವ ಯೋಜನೆಗೆ ಈ ಹುಡುಕಾಟ ಅನಿವಾರ್ಯವಾಗಿದ್ದರಿಂದ, ಅದೇ ವರ್ಷವೇ ಇದು ಗಿಟ್‌ನೊಳಕ್ಕೆ ಬಂತು.

ನಮ್ಮದು ಅಷ್ಟು ದೊಡ್ಡದಲ್ಲ. ಹಿಂದಿನ ಸುಗ್ಗಿಯಲ್ಲಿ ಕೊಟ್ಟ ಆವೃತ್ತಿಗೆ `v3.2` ಎಂಬ ಟ್ಯಾಗ್ ಇತ್ತು. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಕಮಿಟ್‌ಗಳಾಗಿವೆ ಎಂದು ನೋಡಿದೆವು.

```
git rev-list --count v3.2..HEAD
```

212 ಎಂದು ಬಂತು. ಒಂದೊಂದಾಗಿ ಪರೀಕ್ಷಿಸಿದರೆ ಎರಡು ದಿನದ ಕೆಲಸ. ಅರ್ಧರ್ಧ ಮಾಡಿದರೆ 106, 53, 27, 14, 7, 4, 2, 1 ಎಂದು ಎಂಟು ಪರೀಕ್ಷೆಯೊಳಗೆ ಮುಗಿಯುತ್ತದೆ. ಕಮಿಟ್‌ಗಳು ಎರಡರಷ್ಟಾದರೆ ಹೆಚ್ಚುವುದು ಒಂದೇ ಪರೀಕ್ಷೆ.

ಆದರೆ ಹುಡುಕಾಟ ಆರಂಭಿಸುವ ಮೊದಲು ಎರಡೂ ತುದಿಗಳನ್ನು ಕೈಯಾರೆ ಪರೀಕ್ಷಿಸಬೇಕು. ಇದನ್ನು ನಾನು ಒತ್ತಿ ಹೇಳುತ್ತೇನೆ. "ಹಿಂದಿನ ಸುಗ್ಗಿಯಲ್ಲಿ ಸರಿಯಿತ್ತು" ಎಂಬುದು ನಮ್ಮ ನೆನಪು. ಗಿಟ್ ಆ ನೆನಪನ್ನು ಪ್ರಶ್ನಿಸುವುದಿಲ್ಲ, ನೀವು ಸರಿ ಎಂದ ತುದಿಯನ್ನು ಸರಿ ಎಂದೇ ನಂಬಿ ಹೊರಡುತ್ತದೆ. ನಾವು `v3.2` ಅನ್ನು ಚೆಕ್ಔಟ್ ಮಾಡಿ, ಅದೇ ತೂಕ, ಅದೇ ದರ ಕೊಟ್ಟು ನೋಡಿದೆವು. 89,787 ಬಂತು. ಇಂದಿನ ಕೋಡಿಗೆ ಕೊಟ್ಟಾಗ 89,571. ಎರಡೂ ಪರೀಕ್ಷೆಗಳನ್ನು ಒಂದೇ ಯಂತ್ರದಲ್ಲಿ, ಒಂದೇ ಪೈಥಾನ್ ಆವೃತ್ತಿಯಲ್ಲಿ ಮಾಡಿದ್ದರಿಂದ ಇನ್ನೊಂದು ವಿಷಯವೂ ಖಚಿತವಾಯಿತು. ದೋಷವಿರುವುದು ಕೋಡಿನಲ್ಲಿ, ಡೇಟಾಬೇಸಿನಲ್ಲೋ ಸೆಟಿಂಗ್‌ನಲ್ಲೋ ಅಲ್ಲ. ಹಳೆಯ ಕೋಡ್ ಕೂಡ ಇಂದು ತಪ್ಪು ಉತ್ತರ ಕೊಟ್ಟಿದ್ದರೆ, ಬದಲಾದದ್ದು ಬೇರೆ ಏನೋ ಎಂದರ್ಥ. ಆಗ ಕಮಿಟ್‌ಗಳ ನಡುವೆ ಹುಡುಕಿ ಪ್ರಯೋಜನವಿಲ್ಲ.

ತುದಿಗಳು ಖಚಿತವಾದ ಮೇಲೆ ಆರಂಭಿಸುವುದು ಹೀಗೆ.

```
git bisect start
git bisect bad HEAD
git bisect good v3.2
```

ಮೂರನೆಯ ಆಜ್ಞೆ ಕೊಟ್ಟ ಕೂಡಲೇ ಗಿಟ್ ನಡುವಿನ ಕಮಿಟ್ ಒಂದನ್ನು ಚೆಕ್ಔಟ್ ಮಾಡಿ, ಹೀಗೊಂದು ಸಾಲನ್ನು ತೋರಿಸಿತು.

```
Bisecting: 105 revisions left to test after this (roughly 7 steps)
```

ಇನ್ನು ಪ್ರತಿ ಸಲ ಪರೀಕ್ಷಿಸಿ `git bisect good` ಎಂದೋ `git bisect bad` ಎಂದೋ ಹೇಳುತ್ತ ಹೋಗಬಹುದು. ಪರದೆಯ ಮೇಲೆ ಕಣ್ಣಿಂದಲೇ ನೋಡಿ ತಿಳಿಯಬೇಕಾದ ದೋಷವಾದರೆ ಹಾಗೆ ಮಾಡುವುದೇ ಸರಿ. ನಮ್ಮದು ಒಂದು ಸಂಖ್ಯೆ ಸರಿಯೋ ತಪ್ಪೋ ಎಂಬ ಪ್ರಶ್ನೆಯಾದ್ದರಿಂದ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸಿದೆವು. `/tmp/nodu.py` ಎಂಬ ಕಡತದಲ್ಲಿ ಇಷ್ಟೇ ಇತ್ತು.

```
import sys
sys.path.insert(0, '.')
from patti import motta
sari = motta(kg='187.450', dara='47899') == 89787
sys.exit(0 if sari else 1)
```

ಸ್ಕ್ರಿಪ್ಟನ್ನು ರೆಪಾಸಿಟರಿಯ ಹೊರಗೆ ಇಟ್ಟದ್ದಕ್ಕೆ ಕಾರಣವಿದೆ. ಅದನ್ನು ಇಂದಿನ ಕಮಿಟ್‌ಗೆ ಸೇರಿಸಿದ್ದರೆ, ಗಿಟ್ ಹಳೆಯ ಕಮಿಟ್‌ಗೆ ಹೋದ ಕೂಡಲೇ ಅದು ಅಲ್ಲಿ ಇರುತ್ತಿರಲಿಲ್ಲ. ನಂತರ ಕೊಟ್ಟ ಆಜ್ಞೆ ಇದು.

```
git bisect run python3 /tmp/nodu.py
```

ಸ್ಕ್ರಿಪ್ಟ್ 0 ಎಂಬ ಸಂಕೇತದೊಂದಿಗೆ ಮುಗಿದರೆ ಗಿಟ್ ಆ ಕಮಿಟ್ ಸರಿಯಿದೆ ಎಂದು ಬರೆದುಕೊಳ್ಳುತ್ತದೆ. 1ರಿಂದ 127ರವರೆಗಿನ ಯಾವ ಸಂಖ್ಯೆ ಬಂದರೂ ಕೆಟ್ಟಿದೆ ಎಂದು ಬರೆದುಕೊಳ್ಳುತ್ತದೆ, 125 ಒಂದನ್ನು ಬಿಟ್ಟು. 128 ಅಥವಾ ಅದಕ್ಕಿಂತ ಹೆಚ್ಚಾದರೆ ಹುಡುಕಾಟವನ್ನೇ ನಿಲ್ಲಿಸುತ್ತದೆ. ಈ 125ರ ಬಗ್ಗೆ ನಾವು ಆಗ ಯೋಚಿಸಿರಲಿಲ್ಲ.

ಒಂದು ನಿಮಿಷವೂ ಆಗಲಿಲ್ಲ, ಉತ್ತರ ಬಂತು. `is the first bad commit` ಎಂಬ ಸಾಲಿನೊಂದಿಗೆ ಗಿಟ್ ತೋರಿಸಿದ ಕಮಿಟ್‌ನಲ್ಲಿ ನಾವು ಕಂಡದ್ದು, ಸಹಾಯಕ ಮಾಡ್ಯೂಲ್ ಒಂದರ ಹೆಸರು ಬದಲಿಸಿದ ಕೆಲಸ ಮಾತ್ರ. ಕಡತದ ಹೆಸರು ಬದಲಾಗಿತ್ತು, ಒಳಗಿನ ಒಂದಕ್ಷರವೂ ಬದಲಾಗಿರಲಿಲ್ಲ. ಅಲ್ಲಿ ಗುಣಾಕಾರವಿಲ್ಲ, ತೂಕವಿಲ್ಲ, ದರವಿಲ್ಲ. 216 ರೂಪಾಯಿ ತಪ್ಪಿಸುವ ಶಕ್ತಿ ಆ ಕಮಿಟ್‌ಗೆ ಇರಲು ಸಾಧ್ಯವೇ ಇರಲಿಲ್ಲ.

ಇಂಥ ಹೊತ್ತಿನಲ್ಲಿ ಎರಡು ದಾರಿಗಳಿರುತ್ತವೆ. ಉಪಕರಣ ಹೇಳಿದೆಯೆಂದು ಆ ಕಮಿಟ್‌ನಲ್ಲಿಯೇ ದೋಷವಿದೆ ಎಂದು ಹಟ ಹಿಡಿದು ಹುಡುಕುವುದು ಒಂದು. ಅದು ಕೊಟ್ಟ ಉತ್ತರವನ್ನು ಕೈಯಾರೆ ಪರೀಕ್ಷಿಸುವುದು ಇನ್ನೊಂದು. ನಾವು ಆ ಕಮಿಟ್ ಅನ್ನೂ ಅದರ ಹಿಂದಿನದನ್ನೂ ಬೇರೆ ಬೇರೆಯಾಗಿ ಚೆಕ್ಔಟ್ ಮಾಡಿ, ಸ್ಕ್ರಿಪ್ಟನ್ನು ನಾವೇ ಓಡಿಸಿದೆವು. ಹಿಂದಿನದರಲ್ಲಿ 89,787 ಸರಿಯಾಗಿ ಬಂತು. ಗಿಟ್ ತೋರಿಸಿದ ಕಮಿಟ್‌ನಲ್ಲಿ 89,571 ಬರಲಿಲ್ಲ. ಯಾವ ಸಂಖ್ಯೆಯೂ ಬರಲಿಲ್ಲ. ಬಂದದ್ದು `ModuleNotFoundError`.

ಆಗ ವಿಷಯ ತಿಳಿಯಿತು. ಹೆಸರು ಬದಲಿಸುವ ಕೆಲಸವನ್ನು ನಾವು ಅರ್ಧಕ್ಕೆ ಬಿಟ್ಟು, ಬೇರೆ ಕೆಲಸಗಳನ್ನು ನಡುವೆ ಸೇರಿಸಿ, ಆಮೇಲೆ ಪೂರ್ಣಗೊಳಿಸಿದ್ದೆವು. `v3.2`ದಿಂದ ಎಣಿಸಿದರೆ 101ನೆಯ ಕಮಿಟ್‌ನಿಂದ 118ರವರೆಗೆ `patti` ಮಾಡ್ಯೂಲ್ ಹಳೆಯ ಹೆಸರನ್ನೇ ಕರೆಯುತ್ತಿತ್ತು, ಆದ್ದರಿಂದ ತೆರೆದುಕೊಳ್ಳುತ್ತಲೇ ಇರಲಿಲ್ಲ. 119ರಲ್ಲಿ ಅದು ಸರಿಯಾಯಿತು. ಆ ನಡುವಿನ ಕೋಡ್ ಯಾವ ವಖಾರಿಗೂ ಹೋಗಿರಲಿಲ್ಲವಾದ್ದರಿಂದ ನಮಗೆ ಅದು ನೆನಪೂ ಇರಲಿಲ್ಲ. ಗಿಟ್ ಮೊದಲು ಪರೀಕ್ಷಿಸಿದ್ದು 106ನೆಯ ಕಮಿಟ್ ಅನ್ನು. ಅಲ್ಲಿ ಪೈಥಾನ್ ದೋಷ ಹೇಳಿ ನಿಂತಿತು. ಹಿಡಿಯದೆ ಬಿಟ್ಟ ಎಕ್ಸೆಪ್ಶನ್‌ನಿಂದ ನಿಂತ ಪೈಥಾನ್ ಹೊರಗೆ ಕೊಡುವ ಸಂಕೇತವೂ 1 ಎಂಬುದೇ. ಮೊತ್ತ ತಪ್ಪಿದೆ ಎಂದು ಹೇಳಲು ನಾವು ಇಟ್ಟುಕೊಂಡಿದ್ದೂ 1. ಗಿಟ್‌ಗೆ ಇವೆರಡರ ನಡುವೆ ವ್ಯತ್ಯಾಸ ತಿಳಿಯುವ ದಾರಿಯೇ ಇರಲಿಲ್ಲ. 106 ಕೆಟ್ಟಿದೆ ಎಂದು ಬರೆದುಕೊಂಡು, 107ರಿಂದ ಆಚೆಗಿನ ಅರ್ಧ ಇತಿಹಾಸವನ್ನು ಒಂದೇ ಏಟಿಗೆ ತಳ್ಳಿಹಾಕಿತು. ನಿಜವಾದ ದೋಷವಿದ್ದದ್ದು ಆ ಅರ್ಧದಲ್ಲಿಯೇ. ಅಲ್ಲಿಂದ ಮುಂದಿನ ಪ್ರತಿ ಹೆಜ್ಜೆಯೂ ನಿಯಮದಂತೆ ಸರಿಯಾಗಿಯೇ ಇತ್ತು, ಆದ್ದರಿಂದ ಮಾಡ್ಯೂಲ್ ಮೊದಲು ಒಡೆದ 101ನೆಯ ಕಮಿಟ್ ಮೇಲೆ ಬಂದು ನಿಂತಿತು.

ಇದರಲ್ಲಿ ಗಮನಿಸಬೇಕಾದದ್ದು, ಒಂದು ತಪ್ಪು ಉತ್ತರ ಹುಡುಕಾಟವನ್ನು ಸ್ವಲ್ಪ ಆಚೀಚೆ ಮಾಡುವುದಿಲ್ಲ. ಅದು ಪೂರ್ತಿಯಾಗಿ ಬೇರೆ ಕಡೆಗೆ ಒಯ್ಯುತ್ತದೆ, ಅದೂ ಯಾವ ಸೂಚನೆಯನ್ನೂ ಕೊಡದೆ. ಲೈನ್‌ಮನ್‌ಗೂ ಇದೇ ತೊಂದರೆ ಇದೆ. ಹಿಂದಿನ ಅರ್ಧಕ್ಕೆ ವಿದ್ಯುತ್ ಹರಿಸಿದಾಗ ಮನೆಯೊಂದರ ದೀಪ ಹತ್ತಲಿಲ್ಲವೆಂದು ಲೈನೇ ಕೆಟ್ಟಿದೆ ಎಂದುಕೊಂಡರೆ, ಆ ಮನೆಯ ಫ್ಯೂಸ್ ಹೋಗಿರುವ ಸಾಧ್ಯತೆಯನ್ನು ಬಿಟ್ಟಂತಾಯಿತು. ನಾವು ಕೇಳುತ್ತಿದ್ದ ಪ್ರಶ್ನೆ "ಇಲ್ಲಿ ಏನಾದರೂ ಕೆಟ್ಟಿದೆಯೇ" ಎಂಬುದಾಗಿತ್ತು. ಕೇಳಬೇಕಾಗಿದ್ದದ್ದು "ಇಲ್ಲಿ ಮೊತ್ತ ಲೆಕ್ಕವಾಗಿ, ಅದು 89,787ರ ಬದಲು ಬೇರೆಯಾಗಿ ಬಂದಿದೆಯೇ" ಎಂದು. ಮೊತ್ತವೇ ಲೆಕ್ಕವಾಗದಿದ್ದರೆ ಆ ಕಮಿಟ್ ಬಗ್ಗೆ ನಾವು ಏನನ್ನೂ ಹೇಳಲಾರೆವು. ಸರಿ ಎನ್ನಲೂ ಆಗದು, ಕೆಟ್ಟಿದೆ ಎನ್ನಲೂ ಆಗದು. ಹಾಗೆ ಹೇಳಲು ಇರುವ ಸಂಕೇತವೇ 125. ಕೈಯಿಂದ ಮಾಡುವಾಗ ಅದಕ್ಕೆ `git bisect skip` ಎನ್ನುತ್ತೇವೆ.

ಹುಡುಕಾಟ ತಪ್ಪಿದೆ ಎಂದು ತಿಳಿದ ಮೇಲೆ `git bisect log` ಎಂದು ಕೊಟ್ಟು, ಗಿಟ್ ಯಾವ ಕಮಿಟ್‌ಗೆ ಏನೆಂದು ಬರೆದುಕೊಂಡಿದೆ ಎಂಬುದನ್ನು ನೋಡಬಹುದು. ಹತ್ತಾರು ನಿಮಿಷ ಹಿಡಿಯುವ ಪರೀಕ್ಷೆಗಳಾಗಿದ್ದರೆ, ಆ ದಾಖಲೆಯನ್ನು ಕಡತವೊಂದರಲ್ಲಿ ಉಳಿಸಿ, ತಪ್ಪಾದ ಸಾಲನ್ನೂ ಅದರ ನಂತರದವನ್ನೂ ಅಳಿಸಿ, `git bisect replay` ಮೂಲಕ ಅಲ್ಲಿಂದಲೇ ಮುಂದುವರಿಯಬಹುದು. ನಮ್ಮ ಪರೀಕ್ಷೆಗೆ ಎರಡು ಸೆಕೆಂಡ್ ಸಾಕಾದ್ದರಿಂದ `git bisect reset` ಮಾಡಿ ಮೊದಲಿನಿಂದ ಆರಂಭಿಸಿದೆವು. ಈ ಸಲ ಪೈಥಾನ್ ಕಡತವನ್ನು ನೇರವಾಗಿ ಕರೆಯದೆ, `/tmp/nodu.sh` ಎಂಬ ಶೆಲ್ ಸ್ಕ್ರಿಪ್ಟ್ ಒಂದನ್ನು ನಡುವೆ ಇಟ್ಟೆವು.

```
#!/bin/sh
find . -name __pycache__ -prune -exec rm -rf {} +
python3 -c 'import patti' || exit 125
python3 /tmp/nodu.py
```

ಮೂರನೆಯ ಸಾಲೇ ಮುಖ್ಯವಾದದ್ದು. ಮಾಡ್ಯೂಲ್ ತೆರೆಯದಿದ್ದರೆ ತೀರ್ಪು ಕೊಡದೆ ಹೊರಬರುತ್ತದೆ. ಎರಡನೆಯ ಸಾಲು ಹಿಂದಿನ ಸುತ್ತಿನಲ್ಲಿ ಕಂಪೈಲ್ ಆಗಿ ಉಳಿದ ಕಡತಗಳನ್ನು ತೆಗೆದುಹಾಕುತ್ತದೆ. ಗಿಟ್ ತನ್ನ ಲೆಕ್ಕದಲ್ಲಿರುವ ಕಡತಗಳನ್ನು ಮಾತ್ರ ಬದಲಿಸುತ್ತದೆ, ಉಳಿದವು ಹಿಂದಿನ ಕಮಿಟ್‌ನಲ್ಲಿ ಇದ್ದಂತೆಯೇ ಇರುತ್ತವೆ. ಪೈಥಾನ್ ಹಳೆಯ ಕಂಪೈಲ್ ಕಡತವನ್ನು ಬಳಸಬಹುದೇ ಎಂಬುದನ್ನು ಮೂಲ ಕಡತದ ಸಮಯ ಮತ್ತು ಗಾತ್ರ ನೋಡಿ ತೀರ್ಮಾನಿಸುತ್ತದೆ. ಒಂದೇ ಸೆಕೆಂಡಿನಲ್ಲಿ ಎರಡು ಕಮಿಟ್ ದಾಟಿದರೆ, ಗಾತ್ರವೂ ಒಂದೇ ಆಗಿದ್ದರೆ, ಅದು ಮೋಸಹೋಗುವ ಸಾಧ್ಯತೆ ಇದೆ. ಅಪರೂಪದ ಸಂಗತಿ, ಆದರೆ ಒಂದು ತಪ್ಪು ಉತ್ತರದ ಬೆಲೆ ಏನೆಂದು ಆಗಷ್ಟೇ ಕಂಡಿದ್ದೆವು. ಸಿ ಅಥವಾ ಜಾವಾದಲ್ಲಿ ಬರೆದ ಯೋಜನೆಯಾದರೆ ಈ ಜಾಗದಲ್ಲಿ ಪೂರ್ತಿ ಹೊಸದಾಗಿ ಬಿಲ್ಡ್ ಮಾಡುವ ಆಜ್ಞೆ ಬರುತ್ತದೆ, ಬಿಲ್ಡ್ ಆಗದಿದ್ದರೆ ಅಲ್ಲಿಯೂ 125.

ಸ್ಕ್ರಿಪ್ಟನ್ನು ಹುಡುಕಾಟಕ್ಕೆ ಕೊಡುವ ಮೊದಲು ಮೂರು ಕಮಿಟ್‌ಗಳ ಮೇಲೆ ಓಡಿಸಿ `echo $?` ಎಂದು ನೋಡಿದೆವು. `v3.2`ದಲ್ಲಿ 0, ಇಂದಿನದರಲ್ಲಿ 1, 106ನೆಯದರಲ್ಲಿ 125. ಈ ಒಂದು ಅಭ್ಯಾಸವನ್ನು ದಯವಿಟ್ಟು ಬಿಡಬೇಡಿ. ಸ್ಕ್ರಿಪ್ಟ್‌ನ ದಾರಿಯನ್ನೇ ತಪ್ಪಾಗಿ ಟೈಪ್ ಮಾಡಿದರೆ ಶೆಲ್ ಕೊಡುವ ಸಂಕೇತ 127. ಅದೂ "ಕೆಟ್ಟಿದೆ" ಎಂಬ ಗುಂಪಿನಲ್ಲಿಯೇ ಬರುತ್ತದೆ ಎಂಬುದನ್ನು ನೆನಪಿಡಿ.

ಎರಡನೆಯ ಹುಡುಕಾಟ ಹತ್ತು ಸುತ್ತು ತೆಗೆದುಕೊಂಡಿತು, ಅದರಲ್ಲಿ ಎರಡು ಸುತ್ತು ತೀರ್ಪಿಲ್ಲದೆ ದಾಟಿದವು. 106ನೆಯದನ್ನು ಬಿಟ್ಟ ಮೇಲೆ ಗಿಟ್ ಅದರ ಪಕ್ಕದ್ದನ್ನೇ ಹಿಡಿಯದೆ, ಸ್ವಲ್ಪ ದೂರದ ಕಮಿಟ್ ಒಂದಕ್ಕೆ ಹಾರುತ್ತದೆ. ಒಡೆದ ಕಮಿಟ್‌ಗಳು ಸಾಮಾನ್ಯವಾಗಿ ಒಟ್ಟೊಟ್ಟಿಗೆ ಇರುತ್ತವೆ ಎಂಬುದು ಅದರ ಹಿಂದಿನ ಯೋಚನೆ. ಕೊನೆಗೆ ನಿಂತದ್ದು 139ನೆಯ ಕಮಿಟ್ ಮೇಲೆ. ಅದಕ್ಕೆ ನಾವು ಕೊಟ್ಟಿದ್ದ ವಿವರಣೆ "ಪಟ್ಟಿ ಅಚ್ಚಿನ ಅಂಕಣ ಹೊಂದಿಸಿದ್ದು" ಎಂದು. ಅದರೊಳಗೆ ಅಂಕಣಗಳ ಅಗಲ ಬದಲಿಸಿದ ಮೂವತ್ತು ನಲವತ್ತು ಸಾಲುಗಳ ನಡುವೆ ಇದು ಇತ್ತು.

```
-    kvintal = Decimal(kg) / 100
+    kvintal = round(Decimal(kg) / 100, 2)
```

ಪಟ್ಟಿಯಲ್ಲಿ ತೂಕದ ಅಂಕಣ ಕಿರಿದಾಗಿತ್ತು. 1.8745 ಎಂದು ಅಚ್ಚಾದರೆ ಪಕ್ಕದ ದರದ ಅಂಕಣಕ್ಕೆ ತಾಗುತ್ತಿತ್ತು. ಕ್ವಿಂಟಲ್ ಲೆಕ್ಕವನ್ನು ಎರಡು ದಶಮಾಂಶಕ್ಕೆ ನಿಲ್ಲಿಸಿದರೆ ಅಂಕಣದಲ್ಲಿ ಚೆಂದ ಕೂರುತ್ತದೆ ಎಂದು ಮಾಡಿದ ಬದಲಾವಣೆ ಇದು. ಆದರೆ ಅದನ್ನು ಅಚ್ಚಿನ ಜಾಗದಲ್ಲಿ ಮಾಡುವ ಬದಲು, ಅಚ್ಚಿಗೂ ಗುಣಾಕಾರಕ್ಕೂ ಒಂದೇ ಆಗಿದ್ದ ಸಾಲಿನಲ್ಲಿ ಮಾಡಿದೆವು. 1.8745 ಹೋಗಿ 1.87 ಆಯಿತು. 1.87ನ್ನು 47,899ರಿಂದ ಗುಣಿಸಿದರೆ 89,571.13. ಪಟ್ಟಿಯಲ್ಲಿ ಅಚ್ಚಾದದ್ದು ಅದೇ. ಲಾಟ್‌ನ ತೂಕ 187 ಕಿಲೋ 600 ಗ್ರಾಂ ಆಗಿದ್ದರೆ 1.88 ಆಗಿ, ಅದೇ ಕೃಷಿಕರಿಗೆ ಹೆಚ್ಚು ಬೀಳುತ್ತಿತ್ತು. ಹೀಗೆ ಒಂದು ಲಾಟ್‌ನಲ್ಲಿ ಆಗಬಹುದಾದ ದೊಡ್ಡ ತಪ್ಪು ಅರ್ಧ ಕಿಲೋ ಅಡಿಕೆಯ ಬೆಲೆ, ಆ ದಿನದ ದರದಲ್ಲಿ ಸುಮಾರು 240 ರೂಪಾಯಿ. ಈ ವಿವರಣೆ ಕೆಲವರಿಗೆ ಕಡಿಮೆ, ಕೆಲವರಿಗೆ ಹೆಚ್ಚು ಏಕೆ ಬಿತ್ತು ಎಂಬುದಕ್ಕೂ ಸರಿಹೊಂದುತ್ತದೆ. ಸಿಕ್ಕ ಕಮಿಟ್ ನಿಜವಾದದ್ದೋ ಅಲ್ಲವೋ ಎಂದು ನೋಡುವಾಗ ನಾನು ಮೊದಲು ಕೇಳುವುದು ಇದನ್ನೇ. ನಾವು ಕಂಡ ಲಕ್ಷಣಗಳೆಲ್ಲವೂ ಈ ಸಾಲಿನಿಂದ ಹುಟ್ಟಬಲ್ಲವೇ? ಮಾಡ್ಯೂಲ್ ಹೆಸರು ಬದಲಿಸಿದ ಕಮಿಟ್ ಈ ಪ್ರಶ್ನೆಯ ಮುಂದೆ ನಿಲ್ಲಲಿಲ್ಲ, ಇದು ನಿಂತಿತು. ಆಮೇಲೆ ಇಂದಿನ ಕೋಡಿನಲ್ಲಿ ಆ ಒಂದು ಸಾಲನ್ನು ಮಾತ್ರ ಹಿಂದಿನಂತೆ ಮಾಡಿ ಸ್ಕ್ರಿಪ್ಟ್ ಓಡಿಸಿದೆವು. 0 ಬಂತು. ಇಷ್ಟಾದ ಮೇಲೆಯೇ ದೋಷ ಸಿಕ್ಕಿತು ಎಂದು ವಖಾರಿಗೆ ಹೇಳಿದ್ದು.

ನಿಜವಾದ ಕಮಿಟ್ ಒಡೆದ ಗುಂಪಿನೊಳಗೇ, ಅಂದರೆ 101 ಮತ್ತು 118ರ ನಡುವೆಯೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಸಭೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು. ಒಳ್ಳೆಯ ಪ್ರಶ್ನೆ. ಆಗ ಗಿಟ್ ಒಂದೇ ಕಮಿಟ್ ಹೆಸರಿಸುವುದಿಲ್ಲ. ಪರೀಕ್ಷಿಸಲು ಬಿಟ್ಟವು ಮಾತ್ರ ಉಳಿದಿವೆ, ಮೊದಲ ಕೆಟ್ಟ ಕಮಿಟ್ ಇವುಗಳಲ್ಲಿ ಯಾವುದೂ ಆಗಿರಬಹುದು ಎಂದು ಪಟ್ಟಿಯನ್ನು ಕೊಟ್ಟು ನಿಲ್ಲುತ್ತದೆ. ಹದಿನೆಂಟೋ ಹತ್ತೊಂಬತ್ತೋ ಕಮಿಟ್‌ಗಳನ್ನು ಓದುವುದು 212 ಓದುವುದಕ್ಕಿಂತ ಎಷ್ಟೋ ಮೇಲು. ಇನ್ನೂ ಮುಂದೆ ಹೋಗಬೇಕೆಂದರೆ, ಸ್ಕ್ರಿಪ್ಟ್‌ನೊಳಗೆ ಆ ಹಳೆಯ ಹೆಸರನ್ನು ತಾತ್ಕಾಲಿಕವಾಗಿ ತಿದ್ದಿ, ಪರೀಕ್ಷೆ ಮಾಡಿ, `git checkout .` ಮೂಲಕ ಮತ್ತೆ ಮೊದಲಿನಂತೆ ಮಾಡಿ ಹೊರಬರಬೇಕು. ಹಾಗೆ ಹೊರಬರುವಾಗ ಪರೀಕ್ಷೆಯ ಸಂಕೇತವನ್ನು ಮೊದಲೇ ಎತ್ತಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಗಿಟ್‌ಗೆ ತಲುಪುವುದು `checkout` ಕೊಟ್ಟ 0.

ಬ್ರಾಂಚ್‌ಗಳು ಕವಲೊಡೆದು ಮತ್ತೆ ಸೇರಿದ ಇತಿಹಾಸದಲ್ಲಿ ನಡುವೆಂಬುದು ಎಲ್ಲಿದೆ ಎಂಬ ಸಂದೇಹವೂ ಬಂತು. ಗಿಟ್ ದಿನಾಂಕ ನೋಡುವುದಿಲ್ಲ. ಪ್ರತಿ ಕಮಿಟ್‌ಗೂ ಅದರ ಹಿಂದೆ ಅನುಮಾನದಲ್ಲಿರುವ ಕಮಿಟ್‌ಗಳು ಎಷ್ಟು ಎಂದು ಎಣಿಸಿ, ಉತ್ತರ ಸರಿ ಎಂದು ಬಂದರೂ ಕೆಟ್ಟಿದೆ ಎಂದು ಬಂದರೂ ಸರಿಸುಮಾರು ಅರ್ಧ ಕಡಿಮೆಯಾಗುವಂಥದ್ದನ್ನು ಆರಿಸುತ್ತದೆ. ಆದ್ದರಿಂದ ಹುಡುಕಾಟ ಒಮ್ಮೊಮ್ಮೆ ಪಕ್ಕದ ಬ್ರಾಂಚ್‌ನೊಳಕ್ಕೂ ಹೋಗುತ್ತದೆ. ಪಕ್ಕದ ಬ್ರಾಂಚ್‌ಗಳಲ್ಲಿ ಅರೆಬರೆ ಕೆಲಸವಿರುತ್ತದೆ, ಮುಖ್ಯ ದಾರಿಯಲ್ಲಿ ಮರ್ಜ್ ಆದದ್ದು ಮಾತ್ರ ಓಡುವ ಸ್ಥಿತಿಯಲ್ಲಿರುತ್ತದೆ ಎಂಬ ಶಿಸ್ತು ನಿಮ್ಮಲ್ಲಿದ್ದರೆ, 2020ರಲ್ಲಿ ಬಂದ ಗಿಟ್ 2.29ರಿಂದ ಈಚೆಗೆ `git bisect start --first-parent` ಎಂದು ಕೊಡಬಹುದು. ಆಗ ಸಿಗುವುದು ದೋಷ ತಂದ ಮರ್ಜ್. ಅದರೊಳಗಿನ ಕಮಿಟ್ ಯಾವುದೆಂದು ಆಮೇಲೆ ನೋಡಬೇಕು.

ಇನ್ನೊಂದು ಮಿತಿ. ಒಂದು ಕಡೆ ಕೆಟ್ಟದ್ದು ಅಲ್ಲಿಂದ ಮುಂದೆ ಕೆಟ್ಟೇ ಇರುತ್ತದೆ ಎಂಬುದು ಈ ವಿಧಾನದ ಆಧಾರ. ದೋಷ ಒಮ್ಮೆ ಬಂದು, ಯಾರೋ ಸರಿಪಡಿಸಿ, ಮತ್ತೆ ಬಂದಿದ್ದರೆ, ಸರಿಯಿದ್ದದ್ದು ಕೆಟ್ಟ ಜಾಗಗಳು ಎರಡಿರುತ್ತವೆ. ಗಿಟ್ ಅವುಗಳಲ್ಲಿ ಒಂದನ್ನು ಹಿಡಿದು ಕೊಡುತ್ತದೆ, ಅದು ಮೊದಲನೆಯದೇ ಆಗಿರಬೇಕೆಂದಿಲ್ಲ. ಸಿಕ್ಕ ಕಮಿಟ್ ನಿಜವಾಗಿ ದೋಷ ತಂದದ್ದೇ, ಆದರೆ ಇಂದಿನ ದೋಷಕ್ಕೆ ಕಾರಣ ಅದಲ್ಲದೆಯೂ ಇರಬಹುದು. ಇಂದಿನ ಕೋಡಿನಲ್ಲಿ ಆ ಬದಲಾವಣೆಯನ್ನು ಹಿಂದೆಗೆದು ನೋಡಬೇಕು ಎಂದದ್ದು ಇದಕ್ಕಾಗಿಯೂ ಹೌದು.

ಕೊನೆಯ ಪ್ರಶ್ನೆ ಕಾರವಾರದಿಂದ ಬಂದ ಗೆಳೆಯರದ್ದು. ಅವರ ದೋಷ ಪ್ರತಿ ಸಲವೂ ಕಾಣಿಸಿಕೊಳ್ಳುವುದಿಲ್ಲ, ಐದು ಸಲ ಓಡಿಸಿದರೆ ಒಮ್ಮೆ ಬರುತ್ತದೆ, ಹೀಗಿರುವಾಗ ಹುಡುಕುವುದು ಹೇಗೆ ಎಂದು ಕೇಳಿದರು. ಇಲ್ಲಿ ಎರಡು ಉತ್ತರಗಳ ತೂಕ ಒಂದೇ ಅಲ್ಲ. ಒಮ್ಮೆ ಕೆಟ್ಟದ್ದು ಕಂಡರೆ ಆ ಕಮಿಟ್ ಖಂಡಿತ ಕೆಟ್ಟದ್ದು. ಒಮ್ಮೆ ಸರಿಯಾಗಿ ಓಡಿತೆಂದರೆ ಅದು ಏನನ್ನೂ ಹೇಳುವುದಿಲ್ಲ. ಆದ್ದರಿಂದ ಸರಿ ಎಂದು ಹೇಳುವ ಮೊದಲು ಹಲವು ಸಲ ಓಡಿಸಬೇಕು. ಐದರಲ್ಲಿ ಒಮ್ಮೆ ಬರುವ ದೋಷ ಒಂದು ಓಟದಲ್ಲಿ ತಪ್ಪಿಸಿಕೊಳ್ಳುವ ಸಾಧ್ಯತೆ 0.8. ಐದು ಓಟದಲ್ಲಿ ಪ್ರತಿ ಸಲವೂ ತಪ್ಪಿಸಿಕೊಳ್ಳುವ ಸಾಧ್ಯತೆ ಸುಮಾರು ಮೂರನೇ ಒಂದು ಭಾಗ, ಇಪ್ಪತ್ತು ಓಟದಲ್ಲಿ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಸ್ಕ್ರಿಪ್ಟ್ ಹೀಗಿರಲಿ.

```
for i in $(seq 20); do
  ./pariksha || exit 1
done
exit 0
```

ಎಂಟು ಸುತ್ತಿನ ಹುಡುಕಾಟದಲ್ಲಿ ಕೆಟ್ಟ ಕಮಿಟ್‌ಗಳು ನಾಲ್ಕೈದು ಎದುರಾದರೆ, ಅವುಗಳಲ್ಲಿ ಯಾವುದೋ ಒಂದು ಸರಿ ಎಂದು ತಪ್ಪಿಸಿಕೊಳ್ಳುವ ಸಾಧ್ಯತೆ ಆಗಲೂ ನೂರಕ್ಕೆ ಐದರಷ್ಟು ಉಳಿಯುತ್ತದೆ. ಹಾಗೆ ತಪ್ಪಿಸಿಕೊಂಡರೆ ಗಿಟ್ ತೋರಿಸುವ ಕಮಿಟ್ ನಿಜವಾದದ್ದಕ್ಕಿಂತ ಈಚೆಗಿರುತ್ತದೆ. ಆದ್ದರಿಂದ ಅಲ್ಲಿಯೂ ಕೊನೆಗೆ ಸಿಕ್ಕ ಕಮಿಟ್‌ನ ಹಿಂದಿನದನ್ನು ಚೆಕ್ಔಟ್ ಮಾಡಿ, ಇಪ್ಪತ್ತರ ಬದಲು ನೂರು ಸಲ ಓಡಿಸಿ ನೋಡಿ ಎಂದು ಅವರಿಗೆ ಹೇಳಿದೆ. ಒಮ್ಮೆ ಕೆಟ್ಟರೂ ಸಾಕು, ಹುಡುಕಾಟ ಅಲ್ಲಿಂದ ಹಿಂದಕ್ಕೆ ಹೋಗಬೇಕು.